ನೆಫ್ರಾನಿನ ಪಾಠವನ್ನು ಒಂದು ಹಾಳೆಗೆ ಇಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವಶಾಸ್ತ್ರದ ಕೆಲವು ಪಾಠಗಳಲ್ಲಿ ಹೆಸರುಗಳೇ ಹೆಚ್ಚು. ಇನ್ನು ಕೆಲವು ಪಾಠಗಳಲ್ಲಿ ಏನಾದರೊಂದು ಸದಾ ನಡೆಯುತ್ತಿರುತ್ತದೆ. ಮೂತ್ರಪಿಂಡದ ಸೂಕ್ಷ್ಮ ಕೊಳವೆಯಾದ ನೆಫ್ರಾನಿನಲ್ಲಿ ಮೂತ್ರ ತಯಾರಾಗುವ ಪಾಠ ಎರಡನೆಯ ಬಗೆಯದು. ಒಂದು ಗಂಟೆ ಕೇಳಿ, ಎಂಟು ಪುಟ ಬರೆದುಕೊಂಡು, ವಾರದ ಬಳಿಕ ನೋಡಿದರೆ ‘ಮರುಹೀರಿಕೆ’ ಎಂಬ ಪದವೊಂದೇ ಎದ್ದು ಕಾಣುತ್ತದೆ. ಏನು, ಎಲ್ಲಿಂದ ಎಲ್ಲಿಗೆ, ಏಕೆ ಎಂಬುದು ಅಳಿಸಿಹೋಗಿರುತ್ತದೆ. ಈ ಪಾಠವನ್ನು ಹರಿವು ನಕ್ಷೆಯಾಗಿಯೂ ಭಾಗಗಳನ್ನು ಗುರುತಿಸಿದ ಚಿತ್ರವಾಗಿಯೂ ಮಾಡಿಕೊಳ್ಳುವ ಬಗ್ಗೆ ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಉದಾಹರಣೆಗಳನ್ನೆಲ್ಲ ಇದೊಂದೇ ಪಾಠದಿಂದ ಆರಿಸಿದ್ದೇನೆ.

ತರಗತಿಯಲ್ಲಿ ಕೂತಾಗಲೇ ನಕ್ಷೆ ಬರೆಯಬೇಕೇ, ಆಮೇಲೆಯೇ?

ಆಮೇಲೆ. ಮೇಷ್ಟರು ಮಾತಾಡುವ ಕ್ರಮ ಬೇರೆ, ನೆಫ್ರಾನಿನಲ್ಲಿ ಕೆಲಸ ನಡೆಯುವ ಕ್ರಮ ಬೇರೆ. ನಾನೇ ಪಾಠ ಮಾಡುವಾಗ ರಕ್ತ ಸೋಸುವ ಲೋಮನಾಳಗಳ ಗೊಂಚಲಾದ ಗ್ಲಾಮೆರುಲಸ್‌ನಿಂದ ಶುರುಮಾಡಿ, ನಡುವೆ ಮಧುಮೇಹಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಂದು ನಾಳದ ಗೋಡೆಯ ಜೀವಕೋಶಗಳನ್ನು ವಿವರಿಸುತ್ತೇನೆ. ಕೇಳಿದಂತೆಯೇ ಬಾಣ ಹಾಕುತ್ತಾ ಹೋದವರ ನಕ್ಷೆಯಲ್ಲಿ ಮಧುಮೇಹವೂ ನೆಫ್ರಾನಿನ ಒಂದು ಭಾಗವಾಗಿ ಕೂತಿರುತ್ತದೆ. ಇದು ತಮಾಷೆಗೆ ಹೇಳುವ ಮಾತಲ್ಲ. ಅಂಥ ಹಾಳೆಯನ್ನು ನಾನು ಕಂಡಿದ್ದೇನೆ.

ತರಗತಿಯಲ್ಲಿ ಕೇಳಿದ್ದನ್ನು ಗೀಚಿಕೊಳ್ಳಿ, ಕ್ರಿಯಾಪದಗಳನ್ನು ಮಾತ್ರ ಬಿಡಬೇಡಿ: ಸೋಸುತ್ತದೆ, ತಳ್ಳುತ್ತದೆ, ಹಿಂಬಾಲಿಸುತ್ತದೆ, ತಡೆಯುತ್ತದೆ. ಅದೇ ದಿನ ಸಂಜೆಯೊಳಗೆ, ಮಾತು ಇನ್ನೂ ಕಿವಿಯಲ್ಲಿರುವಾಗ, ಹಾಳೆ ಕಟ್ಟಿ.

ಗೀಚಿದ ಟಿಪ್ಪಣಿಯಿಂದ ನಕ್ಷೆಗೆ ಹೋಗುವುದು ಹೇಗೆ?

ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ಘಟನೆಯೋ, ರಚನೆಯೋ, ಪಕ್ಕದ ಮಾತೋ? ಮೇಷ್ಟರು ಹೀಗೆ ಹೇಳಿದರು ಎಂದಿಟ್ಟುಕೊಳ್ಳಿ:

“ಸೋಸಿದ ದ್ರವ ಸಮೀಪದ ಸುರುಳಿ ನಾಳಕ್ಕೆ ಬಂದಾಗ ಬಹುಪಾಲು ನೀರು, ಲವಣ ಮತ್ತು ಎಲ್ಲ ಗ್ಲೂಕೋಸ್ ಮರುಹೀರಿಕೆಯಾಗುತ್ತವೆ. ಮಧುಮೇಹದಲ್ಲಿ ಗ್ಲೂಕೋಸ್ ಮೂತ್ರಕ್ಕೆ ಬರುವುದು ಈ ಜಾಗದ ಸಾಮರ್ಥ್ಯ ಮೀರಿದಾಗ. ಇಲ್ಲಿನ ಜೀವಕೋಶಗಳ ಒಳಮುಖದಲ್ಲಿ ಕುಂಚದ ಹಾಗೆ ಸೂಕ್ಷ್ಮ ಎಳೆಗಳಿವೆ.”

ಮೊದಲ ವಾಕ್ಯ ಘಟನೆ, ಅದು ಹರಿವು ನಕ್ಷೆಗೆ ಹೋಗುತ್ತದೆ. ಮೂರನೆಯದು ರಚನೆ, ಅದು ಚಿತ್ರಕ್ಕೆ ಹೋಗುತ್ತದೆ. ಎರಡನೆಯದು ಪಕ್ಕದ ಮಾತು, ಹಾಳೆಯ ಅಂಚಿಗೆ ಹೋಗುತ್ತದೆ.

ಮೊದಲ ವಾಕ್ಯವನ್ನೂ ಹಾಗೆಯೇ ನಕಲು ಮಾಡಬೇಡಿ. ‘ಮರುಹೀರಿಕೆಯಾಗುತ್ತವೆ’ ಎಂಬುದರಲ್ಲಿ ಕೆಲಸ ಮಾಡಿದವರು ಯಾರೆಂದು ಇಲ್ಲ. ಬಿಡಿಸಿ ಬರೆದರೆ ಹೀಗಾಗುತ್ತದೆ: ಗೋಡೆಯ ಜೀವಕೋಶ ಶಕ್ತಿ ಖರ್ಚು ಮಾಡಿ ಸೋಡಿಯಂ ಅನ್ನು ರಕ್ತದ ಕಡೆಗೆ ತಳ್ಳುತ್ತದೆ; ನಾಳದಿಂದ ಜೀವಕೋಶದೊಳಕ್ಕೆ ನುಗ್ಗುವ ಸೋಡಿಯಂ ಜೊತೆಯಲ್ಲಿ ಗ್ಲೂಕೋಸ್ ಸವಾರಿ ಮಾಡುತ್ತದೆ; ಇವು ಹೋದ ಕಡೆಗೆ ನೀರು ತಾನಾಗಿ ಹಿಂಬಾಲಿಸುತ್ತದೆ. ಈಗ ಮೂರು ಬಾಣಗಳಾದವು, ಒಂದರಿಂದ ಇನ್ನೊಂದು ಹುಟ್ಟಿತು. ಮೊದಲನೆಯದನ್ನು ಅಳಿಸಿದರೆ ಉಳಿದೆರಡೂ ಬೀಳುತ್ತವೆ ಎಂಬುದು ಕಣ್ಣಿಗೇ ಕಾಣುತ್ತದೆ. ಸರಿಯಾದ ನಕ್ಷೆಗೆ ನನ್ನ ಪರೀಕ್ಷೆ ಇದೇ: ಒಂದು ಬಾಣಕ್ಕೆ ಬೆರಳು ಅಡ್ಡ ಇಟ್ಟರೆ ಮುಂದೆ ಏನು ನಿಲ್ಲುತ್ತದೆ ಎಂದು ಹೇಳಲು ಬರಬೇಕು.

ಹರಿವು ನಕ್ಷೆ, ಚಿತ್ರ ಎರಡೂ ಬೇಕೇ? ಒಂದು ಸಾಲದೇ?

ಈ ಪಾಠಕ್ಕೆ ಸಾಲದು. ಹರಿವು ನಕ್ಷೆ ‘ಮುಂದೇನು, ಏಕೆ’ ಎಂಬುದಕ್ಕೆ ಉತ್ತರ ಕೊಡುತ್ತದೆ. ಚಿತ್ರ ‘ಎಲ್ಲಿ’ ಎಂಬುದಕ್ಕೆ. ನೆಫ್ರಾನಿನಲ್ಲಿ ‘ಎಲ್ಲಿ’ ಎಂಬುದೇ ಅರ್ಧ ಕಾರಣ.

ಚಿತ್ರವನ್ನು ಒಂದು ಅಡ್ಡಗೆರೆಯಿಂದ ಶುರುಮಾಡಿ. ಗೆರೆಯ ಮೇಲೆ ಮೂತ್ರಪಿಂಡದ ಹೊರಪದರವಾದ ಕಾರ್ಟೆಕ್ಸ್, ಕೆಳಗೆ ಒಳಭಾಗವಾದ ಮೆಡುಲ್ಲ. ಗ್ಲಾಮೆರುಲಸ್ ಮತ್ತು ಅದನ್ನು ಅಪ್ಪಿಕೊಂಡ ಬೌಮನ್ ಬಟ್ಟಲು ಗೆರೆಯ ಮೇಲೆ. ಅಲ್ಲಿಂದ ಸಮೀಪದ ಸುರುಳಿ ನಾಳ, ಅದೂ ಮೇಲೆಯೇ. ಆಮೇಲೆ ಕೊಳವೆ ಗೆರೆ ದಾಟಿ ಆಳಕ್ಕೆ ಇಳಿದು, ತಿರುಗಿ, ಮತ್ತೆ ಮೇಲೆ ಬರುತ್ತದೆ: ಅದು ಹೆನ್ಲೆಯ ಕುಣಿಕೆ. ಮೇಲೆ ಬಂದ ಕೊಳವೆ ತನ್ನದೇ ಗ್ಲಾಮೆರುಲಸ್‌ನ ಮಗ್ಗುಲಿಗೆ ತಾಗಿಕೊಂಡು ದೂರದ ಸುರುಳಿ ನಾಳವಾಗುತ್ತದೆ. ಕೊನೆಗೆ ಸಂಗ್ರಾಹಕ ನಾಳ ಮತ್ತೆ ಗೆರೆ ದಾಟಿ ಕೆಳಗಿಳಿಯುತ್ತದೆ.

ದ್ರವ ಮೆಡುಲ್ಲದಲ್ಲಿ ಮೂರು ಸಲ ಹಾದುಹೋಯಿತು: ಇಳಿಯಿತು, ಏರಿತು, ಮತ್ತೆ ಇಳಿಯಿತು. ಚೌಕಗಳನ್ನು ಸಾಲಾಗಿ ಜೋಡಿಸಿದ ಹರಿವು ನಕ್ಷೆಯಲ್ಲಿ ಈ ಸಂಗತಿ ಎಲ್ಲೂ ಕಾಣುವುದಿಲ್ಲ. ಮೂರನೆಯ ಇಳಿತವನ್ನು ಮರೆತವರಿಗೆ ಮೂತ್ರ ಹೇಗೆ ಗಟ್ಟಿಯಾಗುತ್ತದೆ ಎಂಬುದು ಎಷ್ಟು ಓದಿದರೂ ತಿಳಿಯುವುದಿಲ್ಲ.

ಹಾಳೆಯ ಎಡಕ್ಕೆ ಚಿತ್ರ, ಬಲಕ್ಕೆ ನಕ್ಷೆ ಇಡಿ. ಎರಡಕ್ಕೂ ಒಂದೇ ಸಂಖ್ಯೆಗಳು. ಚಿತ್ರದ 4 ಮತ್ತು ನಕ್ಷೆಯ 4 ಒಂದೇ ಜಾಗವಾಗಿರಬೇಕು.

ನಕ್ಷೆಯ ಭಾಗ ಮುಗಿದಾಗ ಹೇಗೆ ಕಾಣಬೇಕು?

ನಾನು ಬರೆಯುವ ಹಾಳೆಯ ಬಲಭಾಗ ಇಷ್ಟೇ ಇರುತ್ತದೆ:

1 ಗ್ಲಾಮೆರುಲಸ್: ರಕ್ತದ ಒತ್ತಡ ನೀರು, ಲವಣ, ಗ್ಲೂಕೋಸ್, ಯೂರಿಯಾಗಳನ್ನು ಸೋಸಿ ತಳ್ಳುತ್ತದೆ, ರಕ್ತಕಣ, ದೊಡ್ಡ ಪ್ರೋಟೀನು ಹಿಂದೆಯೇ ಉಳಿಯುತ್ತವೆ
↓ ದಿನಕ್ಕೆ 180 ಲೀಟರ್
2 ಸಮೀಪದ ಸುರುಳಿ ನಾಳ: ಸೋಡಿಯಂ ಹೊರಗೆ → ಗ್ಲೂಕೋಸ್ ಜೊತೆಗೆ → ನೀರು ಹಿಂದೆ
↓ ಪ್ರಮಾಣ ಕುಸಿಯಿತು, ಸಾಂದ್ರತೆ ಬದಲಾಗಲಿಲ್ಲ
3 ಕುಣಿಕೆಯ ಇಳಿಯುವ ಬಾಹು: ನೀರು ಮಾತ್ರ ಹೊರಗೆ
↓ ಗಟ್ಟಿಯಾಯಿತು
4 ಕುಣಿಕೆಯ ಏರುವ ಬಾಹು: ಲವಣ ಮಾತ್ರ ಹೊರಗೆ
↓ ತೆಳುವಾಯಿತು
5 ದೂರದ ಸುರುಳಿ ನಾಳ: ಸೋಡಿಯಂ, ಪೊಟ್ಯಾಸಿಯಂ, ಆಮ್ಲದ ಕೊನೆಯ ತಿದ್ದುಪಡಿ
↓ ಇನ್ನೂ ತೆಳುವಾಗಿಯೇ ಇದೆ
6 ಸಂಗ್ರಾಹಕ ನಾಳ: ಹಾರ್ಮೋನು ಹೇಳಿದಷ್ಟು ನೀರು ಹೊರಗೆ
↓ ಸುಮಾರು ಒಂದೂವರೆ ಲೀಟರ್ ಮೂತ್ರ

ಚೌಕದಲ್ಲಿ ಜಾಗ ಮತ್ತು ಅಲ್ಲಿ ನಡೆಯುವ ಕೆಲಸ. ಬಾಣದ ಪಕ್ಕದಲ್ಲಿ ಅಲ್ಲಿಂದ ಹೊರಟ ದ್ರವದ ಸ್ಥಿತಿ. ಖಾಲಿ ಬಾಣಗಳಿರುವ ನಕ್ಷೆ ಪರಿವಿಡಿಯಂತೆ. ಅಧ್ಯಾಯಗಳ ಹೆಸರು ಗೊತ್ತಾಗುತ್ತದೆ, ಕತೆ ಗೊತ್ತಾಗುವುದಿಲ್ಲ.

ಅಂಕಿಗಳನ್ನು ಎಷ್ಟು ಹಾಕಬೇಕು?

ಕೈಬೆರಳಲ್ಲಿ ಎಣಿಸುವಷ್ಟು. ಮೊದಲನೆಯ ಜೋಡಿ 180 ಮತ್ತು 1.5. ಎರಡೂ ಮೂತ್ರಪಿಂಡಗಳು ಸೇರಿ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ಸೋಸುತ್ತವೆ. ಅದನ್ನು 1,440 ನಿಮಿಷಗಳಿಂದ ಗುಣಿಸಿದರೆ 180 ಲೀಟರ್. ಗುಣಾಕಾರವನ್ನೇ ಅಂಚಿನಲ್ಲಿ ಬರೆದುಕೊಂಡರೆ ಎರಡರಲ್ಲಿ ಒಂದನ್ನು ಮರೆತರೂ ಇನ್ನೊಂದರಿಂದ ಹಿಂದಕ್ಕೆ ಪಡೆಯಬಹುದು. ಸೋಸಿದ್ದರಲ್ಲಿ ನೂರಕ್ಕೆ ಒಂದು ಪಾಲೂ ಮೂತ್ರವಾಗುವುದಿಲ್ಲ ಎಂಬುದು ಈ ಜೋಡಿಯಿಂದಲೇ ಹೊರಡುತ್ತದೆ.

ಎರಡನೆಯದು ಸಾಂದ್ರತೆಯ ಅಂಕಿಗಳು: 300, 1200, 100. ಕರಗಿದ ಕಣಗಳು ಲೀಟರಿಗೆ ಇಷ್ಟು ಮಿಲಿಆಸ್ಮೋಲ್ ಎಂದು ಲೆಕ್ಕ. ಕುಣಿಕೆಗೆ ಇಳಿಯುವ ಮುಂಚೆ 300, ಆಳವಾದ ತಿರುವಿನಲ್ಲಿ 1200ರವರೆಗೆ, ಮೇಲೆ ಬಂದಾಗ ಸುಮಾರು 100. ಇವನ್ನು ನಕ್ಷೆಯಲ್ಲಿ ಬರೆಯಬೇಡಿ, ಚಿತ್ರದಲ್ಲಿ ಕೊಳವೆಯ ಒಳಗೇ ಬರೆಯಿರಿ.

ಎರಡನೆಯ ಜಾಗದಲ್ಲಿ ಎಷ್ಟು ನೀರು ಹಿಂದೆ ಹೋಗುತ್ತದೆ ಎಂಬುದಕ್ಕೆ ಒಂದು ಪುಸ್ತಕ ಶೇಕಡ 65 ಎನ್ನುತ್ತದೆ, ಇನ್ನೊಂದು 70ರಿಂದ 80 ಎನ್ನುತ್ತದೆ. ನಿಮ್ಮ ಪರೀಕ್ಷೆಗೆ ಯಾವ ಪುಸ್ತಕವೋ ಅದನ್ನೇ ಹಿಡಿಯಿರಿ. ಎರಡನ್ನೂ ಬರೆದುಕೊಂಡರೆ ಪರೀಕ್ಷೆಯ ಹೊತ್ತಿಗೆ ಎರಡೂ ನೆನಪಿಗೆ ಬರುವುದಿಲ್ಲ.

ಹೆನ್ಲೆಯ ಕುಣಿಕೆಯನ್ನು ಎಷ್ಟು ಸಲ ಬರೆದರೂ ಅರ್ಥವಾಗುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಹೆಚ್ಚಿನವರು ತಪ್ಪುವುದು ಇಲ್ಲಿಯೇ, ಕಾರಣವೂ ಇದೆ. ಮೇಲಿನ ನಕ್ಷೆಯಲ್ಲಿ 3 ಮೊದಲು, 4 ಆಮೇಲೆ. ದ್ರವ ಹರಿಯುವ ಕ್ರಮ ಅದು, ಸರಿ. ಆದರೆ ಕಾರಣದ ಕ್ರಮ ತಿರುಗುಮುರುಗು. ಇಳಿಯುವ ಬಾಹುವಿನಿಂದ ನೀರು ಏಕೆ ಹೊರಗೆ ಹೋಗುತ್ತದೆ? ಹೊರಗೆ ಉಪ್ಪಿನ ಅಂಶ ಹೆಚ್ಚಿದೆ, ಅದಕ್ಕೆ. ಆ ಉಪ್ಪನ್ನು ಅಲ್ಲಿ ಸುರಿದವರು ಯಾರು? ಏರುವ ಬಾಹು. ಮುಂದೆ ಬರಬೇಕಾದ ಜಾಗ ಹಿಂದಿನ ಜಾಗದ ಕೆಲಸಕ್ಕೆ ಕಾರಣವಾಗಿದೆ. ನೇರ ಸಾಲಿನ ನಕ್ಷೆ ಇದನ್ನು ಹೇಳಲಾರದು. ಹಾಗಾಗಿ ಇಲ್ಲಿ ನಕ್ಷೆಯನ್ನು ಪಕ್ಕಕ್ಕಿಟ್ಟು ನಾಲ್ಕು ಚೌಕಟ್ಟಿನ ಚಿತ್ರಸರಣಿ ಬರೆಯಿರಿ. ಪ್ರತಿ ಚೌಕಟ್ಟಿನಲ್ಲೂ ಮೂರು ಕಂಬ: ಎಡಕ್ಕೆ ಇಳಿಯುವ ಬಾಹು, ನಡುವೆ ಹೊರಗಿನ ಅಂಗಾಂಶ ದ್ರವ, ಬಲಕ್ಕೆ ಏರುವ ಬಾಹು.

ಮೊದಲ ಚೌಕಟ್ಟು: ಎಲ್ಲ ಕಡೆ 300. ಏನೂ ನಡೆದಿಲ್ಲ.

ಎರಡನೆಯದು: ಏರುವ ಬಾಹುವಿನ ದಪ್ಪ ಗೋಡೆ ಉಪ್ಪನ್ನು ನಡುವಿನ ಕಂಬಕ್ಕೆ ತಳ್ಳುತ್ತದೆ. ಬಲಗಂಬ 200, ನಡುಗಂಬ 400. ಈ ಗೋಡೆಯ ಸಾಮರ್ಥ್ಯ ಒಳಗೂ ಹೊರಗೂ ಸುಮಾರು 200ರ ವ್ಯತ್ಯಾಸ ಉಂಟುಮಾಡುವಷ್ಟು ಮಾತ್ರ. ಈ ಗೋಡೆಯಲ್ಲಿ ನೀರು ದಾಟುವುದಿಲ್ಲ. ಅದನ್ನು ದಪ್ಪ ಗೆರೆಯಲ್ಲಿ ಬರೆಯಿರಿ.

ಮೂರನೆಯದು: ಇಳಿಯುವ ಬಾಹುವಿನ ಗೋಡೆ ನೀರಿಗೆ ತೆರೆದಿದೆ. ಹೊರಗಿನ 400ಕ್ಕೆ ಸಮನಾಗುವ ತನಕ ನೀರು ಹೊರಗೆ ಹೋಗುತ್ತದೆ. ಎಡಗಂಬವೂ 400. ಈ ಗೋಡೆಯನ್ನು ಚುಕ್ಕಿಗೆರೆಯಲ್ಲಿ ಬರೆಯಿರಿ.

ನಾಲ್ಕನೆಯದು: ಮೇಲಿನಿಂದ 300ರ ಹೊಸ ದ್ರವ ಬರುತ್ತದೆ, 400ರ ದ್ರವವನ್ನು ತಿರುವಿನಾಚೆ ಏರುವ ಬಾಹುವಿನ ಬುಡಕ್ಕೆ ತಳ್ಳುತ್ತದೆ. ಈಗ ಗೋಡೆ ತಳ್ಳಬೇಕಾದುದು 400ರ ದ್ರವದಿಂದ. ಮತ್ತೆ 200ರ ವ್ಯತ್ಯಾಸ ಮಾಡಿದರೆ ಒಳಗೆ 300, ಹೊರಗೆ 500.

ಗೋಡೆಯ ಶಕ್ತಿ ಹೆಚ್ಚಲಿಲ್ಲ. ಅದೇ 200ರ ವ್ಯತ್ಯಾಸ, ಆದರೆ ಬುಡದಲ್ಲಿ ಅಂಕಿ ಏರಿತು. ಎರಡರಿಂದ ನಾಲ್ಕರವರೆಗೆ ಮತ್ತೆ ಮತ್ತೆ ಸುತ್ತಿದರೆ ತಿರುವಿನಲ್ಲಿ 1200ರವರೆಗೆ ಹೋಗುತ್ತದೆ. ಈ ಚಿತ್ರಸರಣಿಯನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿ ಬರೆದವರು ಈ ಎದುರುಬದುರು ಹರಿವಿಗೆ ಪುಸ್ತಕಗಳು ಕೊಡುವ ‘ಪ್ರತಿಪ್ರವಾಹ’ ಎಂಬ ಪದ ಕೇಳಿ ಆಮೇಲೆ ಹೆದರಿದ್ದನ್ನು ನಾನು ಕಂಡಿಲ್ಲ.

ನೀವು ಒಬ್ಬರೇ ತಡವರಿಸಿದವರಲ್ಲ. ಹೆನ್ಲೆ ಈ ಕುಣಿಕೆಯನ್ನು ವಿವರಿಸಿದ್ದು 1862ರಲ್ಲಿ. ಅದು ಹೇರ್‌ಪಿನ್ನಿನಂತೆ ಬಾಗಿರುವುದರಿಂದಲೇ ಮೂತ್ರ ಗಟ್ಟಿಯಾಗಬಹುದು ಎಂದು ವೆರ್ನರ್ ಕೂನ್ ಎಂಬ ಭೌತರಸಾಯನ ವಿಜ್ಞಾನಿ ಸೂಚಿಸಿದ್ದು 1942ರಲ್ಲಿ. ಆಕಾರ ಕಂಡು ಎಂಬತ್ತು ವರ್ಷಗಳಾದ ಮೇಲೆ ಅದರ ಕಾರಣದ ಸುಳಿವು ಸಿಕ್ಕಿತು.

ಒಂದು ಎಚ್ಚರಿಕೆ. ಈ ಸರಣಿ ಹೊರ ಮೆಡುಲ್ಲಕ್ಕೆ ಚೆನ್ನಾಗಿ ಹೊಂದುತ್ತದೆ. ಒಳಗಿನ ಆಳದಲ್ಲಿ ಏರುವ ಬಾಹು ತೆಳುವಾಗಿದ್ದು ಅಲ್ಲಿ ಆ ಬಲವಾದ ಪಂಪು ಇಲ್ಲ. ಅಲ್ಲಿನ ಸಾಂದ್ರತೆಗೆ ಸಂಗ್ರಾಹಕ ನಾಳದಿಂದ ಹೊರಬರುವ ಯೂರಿಯಾದ ಪಾಲೂ ದೊಡ್ಡದು. ಬುಡದಲ್ಲಿ ‘ಯೂರಿಯಾ’ ಎಂದು ಒಂದು ಬಾಣ ಸೇರಿಸಿದರೆ ಸದ್ಯಕ್ಕೆ ಸಾಕು.

ಬಾಣಗಳಿಗೆ ಬೇರೆ ಬೇರೆ ಬಣ್ಣ ಬೇಕೇ?

ಮೂರು ಸಾಕು: ನೀರಿಗೆ ಒಂದು, ಲವಣಕ್ಕೆ ಒಂದು, ಹಾರ್ಮೋನಿನ ಆಜ್ಞೆಗೆ ಒಂದು. ಕೊಳವೆಯ ಭಾಗಗಳಿಗೆ ಬಣ್ಣ ತುಂಬುವುದರಲ್ಲಿ ಸಂಜೆ ಕಳೆಯುತ್ತದೆ, ತಲೆಗೆ ಏನೂ ಹೋಗುವುದಿಲ್ಲ.

ಮೂತ್ರ ಕಡಿಮೆ ಮಾಡುವ ಎಡಿಎಚ್ ಹಾರ್ಮೋನನ್ನು ನಕ್ಷೆಯ ಯಾವ ಜಾಗದಲ್ಲಿ ಕೂರಿಸಬೇಕು?

1ರಿಂದ 6ರ ಸಾಲಿನಲ್ಲಿ ಎಲ್ಲೂ ಅಲ್ಲ. ಅದು ದ್ರವ ಹಾದುಹೋಗುವ ಜಾಗವಲ್ಲ, ಹೊರಗಿನಿಂದ ಬರುವ ಆಜ್ಞೆ. ಹಾಳೆಯ ಕೆಳಗೆ ಪ್ರತ್ಯೇಕವಾಗಿ ಒಂದು ವೃತ್ತ ಬರೆಯಿರಿ: ದೇಹದಲ್ಲಿ ನೀರು ಕಡಿಮೆಯಾಗಿ ರಕ್ತದ ಸಾಂದ್ರತೆ ಏರುತ್ತದೆ, ಹೈಪೊಥಲಾಮಸ್ ಅದನ್ನು ಗುರುತಿಸುತ್ತದೆ, ಪಿಟ್ಯುಟರಿಯ ಹಿಂಭಾಗ ಎಡಿಎಚ್ ಬಿಡುತ್ತದೆ, ಸಂಗ್ರಾಹಕ ನಾಳದ ಗೋಡೆಯಲ್ಲಿ ನೀರಿನ ದ್ವಾರಗಳು ಹೆಚ್ಚುತ್ತವೆ, ನೀರು ರಕ್ತಕ್ಕೆ ಮರಳುತ್ತದೆ, ಸಾಂದ್ರತೆ ಇಳಿಯುತ್ತದೆ. ಕೊನೆಯದರಿಂದ ಮೊದಲನೆಯದಕ್ಕೆ ಬರುವ ಬಾಣದ ಮೇಲೆ ಋಣ ಚಿಹ್ನೆ ಹಾಕಿ. ಅದಿಲ್ಲದಿದ್ದರೆ ವೃತ್ತ ಕೊನೆಯಿಲ್ಲದೆ ಸುತ್ತುತ್ತಿರುವಂತೆ ಕಾಣುತ್ತದೆ.

ಇಲ್ಲಿ ನಾನು ಅತಿ ಹೆಚ್ಚು ತಿದ್ದಿರುವ ತಪ್ಪು ಎಂದರೆ ಎಡಿಎಚ್‌ನಿಂದ ನೀರಿಗೆ ಬಾಣ ಎಳೆದು ‘ಹೀರುತ್ತದೆ’ ಎಂದು ಬರೆಯುವುದು. ಎಡಿಎಚ್ ಬಾಗಿಲು ತೆಗೆಯುತ್ತದೆ, ಅಷ್ಟೇ. ನೀರನ್ನು ಎಳೆಯುವುದು ಹೊರಗಿರುವ ಆ 1200. ಹಾಗಾಗಿ 6ರಲ್ಲಿ ಎರಡು ಬಾಣಗಳು ಸೇರಬೇಕು: ಒಂದು ಹಾರ್ಮೋನಿನದು, ಇನ್ನೊಂದು 4ನೆಯ ಜಾಗ ಸುರಿದ ಉಪ್ಪಿನಿಂದ ಬಂದದ್ದು.

ನನ್ನ ನಕ್ಷೆ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಬೆರಳು ಅಡ್ಡ ಇಟ್ಟು ನೋಡಿ ಎಂದೆನಲ್ಲ, ಅದನ್ನೇ ಒಂದು ಔಷಧಿಯಿಂದ ಮಾಡಿ ತೋರಿಸುತ್ತೇನೆ. ಫ್ಯೂರೋಸೆಮೈಡ್ ಎಂಬ ಔಷಧಿ ಏರುವ ಬಾಹುವಿನ ದಪ್ಪ ಭಾಗದಲ್ಲಿ ಉಪ್ಪು ಸಾಗಿಸುವ ವಾಹಕವನ್ನು ತಡೆಯುತ್ತದೆ. 4ರ ಬಾಣಕ್ಕೆ ಬೆರಳು ಇಡಿ. ಮೆಡುಲ್ಲಕ್ಕೆ ಉಪ್ಪು ಬರುವುದು ನಿಲ್ಲುತ್ತದೆ, 1200 ಕರಗುತ್ತಾ ಬರುತ್ತದೆ. 3ರಲ್ಲಿ ನೀರನ್ನು ಎಳೆಯುವ ಬಲ ಕುಂದುತ್ತದೆ. 6ರಲ್ಲಿ ಎಡಿಎಚ್ ಬಾಗಿಲು ತೆರೆದಿದ್ದರೂ ಎಳೆಯುವವರಿಲ್ಲ. ಮೂತ್ರ ಹೆಚ್ಚಾಗಬೇಕು, ಗಟ್ಟಿಯಾಗಬಾರದು. ವಾಸ್ತವದಲ್ಲಿ ಆಗುವುದೂ ಅದೇ; ಆ ಔಷಧಿಯನ್ನು ಕೊಡುವುದೇ ಮೂತ್ರ ಹೆಚ್ಚಿಸಲು.

ಈಗ 4ರ ಬಾಣ ಬಿಟ್ಟು ಎಡಿಎಚ್ ಬಾಣಕ್ಕೆ ಬೆರಳು ಇಡಿ. ಮೆಡುಲ್ಲದಲ್ಲಿ ಉಪ್ಪು ಇದೆ, ಬಾಗಿಲು ಮುಚ್ಚಿದೆ. ಏರುವ ಬಾಹುವಿನಿಂದ ಬಂದ ತೆಳು ದ್ರವ ಹೆಚ್ಚು ಕಡಿಮೆ ಹಾಗೆಯೇ ಹೊರಗೆ ಹೋಗುತ್ತದೆ: ತುಂಬಾ ಮೂತ್ರ, ತುಂಬಾ ತೆಳು, ಆದರೆ ಗ್ಲೂಕೋಸ್ ಇಲ್ಲ. ಡಯಾಬಿಟಿಸ್ ಇನ್ಸಿಪಿಡಸ್ ಎಂಬ ಸ್ಥಿತಿಯ ಚಿತ್ರಣ ಇದು. ಎರಡೂ ಸಲ ನಿಮ್ಮ ಹಾಳೆ ಸರಿಯಾದ ಉತ್ತರ ಕೊಟ್ಟರೆ ಹಾಳೆ ಸರಿಯಿದೆ. ಕೊಡದಿದ್ದರೆ ಯಾವುದೋ ಕಾರಣದ ಬಾಣ ಬಿಟ್ಟುಹೋಗಿದೆ, ಸಾಮಾನ್ಯವಾಗಿ 4ರಿಂದ 6ಕ್ಕೆ ಹೋಗುವುದು.

ಭಾಗಗಳನ್ನು ಗುರುತಿಸುವಾಗ ಹೆಸರು ಬರೆದರೆ ಸಾಲದೇ?

ಪರೀಕ್ಷೆಯಲ್ಲಿ ಅಂಕಕ್ಕೆ ಸಾಕು, ನೆನಪಿಗೆ ಸಾಲದು. ‘ಒಳತರುವ ಕಿರುಧಮನಿ’ ಎಂದು ಬರೆಯುವುದರ ಬದಲು ‘ಒಳತರುವ ಕಿರುಧಮನಿ: ಅಗಲ’, ‘ಹೊರಒಯ್ಯುವ ಕಿರುಧಮನಿ: ಕಿರಿದು’ ಎಂದು ಬರೆದು, ಗೆರೆಯನ್ನೂ ಹಾಗೆಯೇ ಅಗಲ, ಕಿರಿದು ಎಳೆಯಿರಿ. ಒಳಬರುವ ದಾರಿ ಅಗಲ, ಹೊರಹೋಗುವ ದಾರಿ ಕಿರಿದು. ಹಾಗಾಗಿ ನಡುವೆ ಒತ್ತಡ ಉಳಿಯುತ್ತದೆ, ಅದರಿಂದ ಸೋಸುವಿಕೆ ನಡೆಯುತ್ತದೆ. ಎರಡನ್ನೂ ಒಂದೇ ಅಗಲಕ್ಕೆ ಎಳೆದ ಚಿತ್ರ ಎಷ್ಟೇ ಅಂದವಾಗಿದ್ದರೂ ಈ ವಿಷಯದಲ್ಲಿ ಮೂಕ.

ಹೆಸರಿನ ಗೆರೆಗಳು ಒಂದನ್ನೊಂದು ದಾಟದಿರಲಿ, ಹೆಸರುಗಳೆಲ್ಲ ಚಿತ್ರದ ಹೊರಗೆ ಒಂದೇ ಪಕ್ಕದಲ್ಲಿರಲಿ. ಆಗ ಒಂದು ಪಟ್ಟಿ ಕಾಗದ ಇಟ್ಟು ಮುಚ್ಚಿಕೊಂಡು ಹೇಳಿಕೊಳ್ಳಬಹುದು.

ನನಗೆ ಚಿತ್ರ ಬರೆಯಲು ಬರುವುದೇ ಇಲ್ಲ.

ಕೊಳವೆಗೆ ಎರಡು ಗೆರೆ, ಗ್ಲಾಮೆರುಲಸ್‌ಗೆ ಉಂಡೆ ಸುತ್ತಿದ ದಾರ, ಕುಣಿಕೆಗೆ ಹೇರ್‌ಪಿನ್. ಇದಕ್ಕಿಂತ ಹೆಚ್ಚಿನ ಕಲೆ ಈ ಪಾಠಕ್ಕೆ ಬೇಕಿಲ್ಲ. ಮೂರು ನಿಮಿಷದಲ್ಲಿ ಮತ್ತೆ ಬರೆಯಲಾಗದಷ್ಟು ಚೆಂದದ ಚಿತ್ರ ಓದುವವರಿಗೆ ಉಪಯೋಗವಿಲ್ಲ.

ಪುಸ್ತಕದ ಚಿತ್ರದ ಫೋಟೊ ತೆಗೆದು ಅದರ ಮೇಲೆಯೇ ಬರೆದುಕೊಂಡರೆ?

ತಾಳೆ ನೋಡಲು ಇಟ್ಟುಕೊಳ್ಳಿ. ಎಲ್ಲಿ ತಿರುಗಬೇಕು, ಎಲ್ಲಿ ಗೆರೆ ದಾಟಬೇಕು ಎಂಬ ನಿರ್ಧಾರಗಳನ್ನು ಅಲ್ಲಿ ಬೇರೆಯವರು ಮಾಡಿರುತ್ತಾರೆ. ಕಲಿಯಬೇಕಾದುದು ಆ ನಿರ್ಧಾರಗಳನ್ನೇ.

ಹಾಳೆ ಚೆನ್ನಾಗಿಯೇ ಮಾಡಿದ್ದೆ, ಪರೀಕ್ಷೆಯಲ್ಲಿ ನೆನಪೇ ಆಗಲಿಲ್ಲ. ಏಕೆ?

ಪುಸ್ತಕ ತೆರೆದಿಟ್ಟುಕೊಂಡು ಮಾಡಿ, ಆಮೇಲೆ ಬರೀ ನೋಡುತ್ತಿದ್ದಿರಿ ಎಂದು ಕಾಣುತ್ತದೆ. 2011ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಕಾರ್ಪಿಕ್ ಮತ್ತು ಬ್ಲಂಟ್ ಇದನ್ನು ಪರೀಕ್ಷಿಸಿದರು. ಪಠ್ಯವನ್ನು ಮುಂದಿಟ್ಟುಕೊಂಡು ಪರಿಕಲ್ಪನಾ ನಕ್ಷೆ ಬರೆದವರಿಗಿಂತ, ಓದಿ ಮುಚ್ಚಿಟ್ಟು ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ನಕ್ಷೆ ತಪ್ಪು ಎಂದು ಇದರ ಅರ್ಥವಲ್ಲ. ತೆರೆದ ಪುಸ್ತಕದಿಂದ ಬರೆದ ನಕ್ಷೆಗೆ ಕೆಲಸ ಅರ್ಧದಲ್ಲೇ ನಿಂತಿದೆ ಎಂದು ಅರ್ಥ.

ಮಾರನೆಯ ದಿನ ಖಾಲಿ ಹಾಳೆ ತೆಗೆದುಕೊಳ್ಳಿ. ಅಡ್ಡಗೆರೆ ಎಳೆದು, ನೆನಪಿದ್ದಷ್ಟನ್ನು ನೀಲಿ ಶಾಯಿಯಲ್ಲಿ ಬರೆಯಿರಿ. ಸಿಕ್ಕಿಹಾಕಿಕೊಂಡಾಗ ಎರಡು ನಿಮಿಷ ತಡೆಯಿರಿ, ತಕ್ಷಣ ಮೂಲ ಹಾಳೆ ತೆರೆಯಬೇಡಿ. ಆಮೇಲೆ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಿದ್ದನ್ನೂ ಕೆಂಪಿನಲ್ಲಿ ತುಂಬಿ. ನಾಲ್ಕು ದಿನ ಬಿಟ್ಟು ಇನ್ನೊಂದು ಖಾಲಿ ಹಾಳೆ, ಎರಡು ವಾರ ಬಿಟ್ಟು ಮತ್ತೊಂದು. ಕೆಂಪು ಕಡಿಮೆಯಾಗುತ್ತಾ ಬರಬೇಕು. ಒಂದೇ ಜಾಗದಲ್ಲಿ ಎರಡು ಸಲ ಕೆಂಪು ಬಿದ್ದರೆ ಅದು ಮರೆವಲ್ಲ, ಅಲ್ಲಿ ಅರ್ಥವೇ ಆಗಿಲ್ಲ. ಆ ಭಾಗವನ್ನು ಮಾತ್ರ ಮತ್ತೆ ಓದಿ. ನನ್ನ ವಿದ್ಯಾರ್ಥಿದೆಸೆಯ ಹಾಳೆಗಳಲ್ಲಿ ಮೂರು ಸಲವೂ ಏರುವ ಬಾಹುವಿನ ಪಕ್ಕದಲ್ಲಿ ಕೆಂಪು ಇತ್ತು: ಅಲ್ಲಿಂದಲೂ ನೀರು ಹೊರಗೆ ಬರುವಂತೆ ಬಾಣ ಎಳೆದಿದ್ದೆ. ಆ ಗೋಡೆಯನ್ನು ದಪ್ಪ ಗೆರೆಯಲ್ಲಿ ಬರೆಯಲು ಶುರುಮಾಡಿದ ಮೇಲೆ ತಪ್ಪು ನಿಂತಿತು.

ಎಲ್ಲ ಪಾಠಗಳಿಗೂ ಹೀಗೆ ಮಾಡಬಹುದೇ?

ಇಲ್ಲ. ಪ್ರಾಣಿಗಳ ವರ್ಗೀಕರಣಕ್ಕೆ ಬಾಣ ಹಾಕಲು ಹೋಗಬೇಡಿ. ಅಲ್ಲಿ ಏನೂ ಹರಿಯುವುದಿಲ್ಲ, ಕೋಷ್ಟಕವೇ ಸರಿ. ಪ್ರೋಟೀನು ತಯಾರಿಕೆ, ಸ್ನಾಯುವಿನ ಸಂಕೋಚನ, ದ್ಯುತಿಸಂಶ್ಲೇಷಣೆಯ ಬೆಳಕಿನ ಹಂತ ಇವಕ್ಕೆ ಚೆನ್ನಾಗಿ ಹೊಂದುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ಮೊದಲು ಎಳೆಯಬೇಕಾದ ಅಡ್ಡಗೆರೆ ಥೈಲಕಾಯ್ಡ್ ಪೊರೆ. ಪ್ರೋಟಾನುಗಳು ಅದರ ಯಾವ ಪಕ್ಕದಲ್ಲಿ ತುಂಬಿಕೊಳ್ಳುತ್ತವೆ ಎಂಬುದನ್ನು ಗುರುತು ಹಾಕಿದ ಮೇಲೆಯೇ ಉಳಿದ ಬಾಣಗಳು.